ಷರಾ ಬರೀಬೇಕು, ಬರೆ ಹಾಕಬಾರದು



ಪೋಸ್ಟ್ ಸ್ವಲ್ಪ ಉದ್ದ ಅದ, ಪುರುಸೊತ್ತಿದ್ದಾಗ ಓದ್ರಿ. ನಮ್ಮ ಹುಡುಗರು, ಹುಡುಗಿಯರು ಈಗ ದೊಡ್ಡ ಸಂಖ್ಯೆಯಲ್ಲಿ ಪಿಎಚ್.ಡಿ. ಮಾಡ್ತಿದ್ದಾರೆ, ಪ್ರಬಂಧ ಕಳಿಸ್ತಿದ್ದಾರೆ. ನಮ್ಮಲ್ಲೇ ಕೆಲವರು ಆ ಪ್ರಬಂಧಗಳನ್ನು ಪರಿಶೀಲಿಸುವ ಜಾಗಕ್ಕೂ ಬಂದಿದ್ದಾರೆ. ಹಾಗಾಗಿ ಇದು ನಮ್ಮ ಮನೆಯೊಳಗಿನ ಮಾತು.

ಕಲಬುರಗಿಯಲ್ಲಿ ನಾವು ಒಂದಿಷ್ಟು ಜನ ಸೇರಿ ಸಣ್ಣದೊಂದು ಕನ್ನಡ ಸಂಶೋಧನಾ ಪತ್ರಿಕೆ ನಡೆಸ್ತೀವಿ. ವರ್ಷಕ್ಕೆ ಎರಡು ಸಂಚಿಕೆ ಬಂದರೆ ನಮಗೇ ಆಶ್ಚರ್ಯ. ಅದರಲ್ಲಿ ನನ್ನ ಕೆಲಸ ಗುಮಾಸ್ತನದು. ಬಂದ ಪ್ರಬಂಧದ ಮೇಲಿನ ಹೆಸರು, ಕಾಲೇಜು, ಮಾರ್ಗದರ್ಶಕರ ಹೆಸರು ಎಲ್ಲ ತೆಗೆದು ಇಬ್ಬರು ಪರಿಶೀಲಕರಿಗೆ ಕಳಿಸಬೇಕು. ಅವರು ಬರೆದ ಷರಾ ವಾಪಸ್ ಲೇಖಕರಿಗೆ ಮುಟ್ಟಿಸಬೇಕು. ಬರೆದವರು ಯಾರು ಅಂತ ಪರಿಶೀಲಕರಿಗೆ ಗೊತ್ತಾಗಬಾರದು, ಪರಿಶೀಲಿಸಿದವರು ಯಾರು ಅಂತ ಲೇಖಕರಿಗೆ ಗೊತ್ತಾಗಬಾರದು.

ಹೋದ ಸಲ ಒಂದು ಪ್ರಬಂಧಕ್ಕೆ ಬಂದ ಎರಡು ಷರಾ ಓದಿ ನಾನು ಕೈ ಹಿಡಿದು ಕೂತೆ. ಒಬ್ಬರು ಮೂರೇ ಸಾಲು ಬರೆದಿದ್ದರು: ವಿಷಯ ಚೆನ್ನಾಗಿದೆ, ಉತ್ತಮ ಪ್ರಯತ್ನ, ಪ್ರಕಟಿಸಬಹುದು. ಇನ್ನೊಬ್ಬರದು ಎರಡು ಪುಟ. ಅದರ ಮೊದಲ ಸಾಲೇ ಹೀಗಿತ್ತು: "ಸಂಶೋಧನೆ ಅಂದರೇನು ಅಂತ ಈತ ಮೊದಲು ಕಲಿತುಕೊಂಡು ಬರಲಿ." ಕೊನೆಯ ಸಾಲು: "ಇಂಥವರಿಂದಲೇ ನಮ್ಮ ಚಳವಳಿಯ ಬರಹಕ್ಕೆ ಬೆಲೆ ಇಲ್ಲದಂತಾಗಿದೆ."

ಎರಡನೆಯವರು ನಿವೃತ್ತ ಉಪನ್ಯಾಸಕರು, ಕಮಲಾಪುರದಲ್ಲಿರ್ತಾರೆ. ಹೆಸರು ಹೇಳಲ್ಲ, ಸರ್ ಅಂತ ಕರೀತೀನಿ. ನಮ್ಮವರೇ, ನನಗಿಂತ ಹಿರಿಯರು, ಅಂಕಿಅಂಶದ ವಿಷಯದಲ್ಲಿ ಈ ಭಾಗದಲ್ಲಿ ಅವರಷ್ಟು ಗಟ್ಟಿ ಮನುಷ್ಯ ಕಮ್ಮಿ. ಅವರ ಎರಡು ಪುಟದ ಬೈಗುಳದೊಳಗೆ ಐದು ಖರೇ ತಪ್ಪು ಇದ್ದವು. ಮೊದಲಿನವರ ಮೂರು ಸಾಲಿನ ಹೊಗಳಿಕೆಯಲ್ಲಿ ಒಂದೂ ಇರಲಿಲ್ಲ. ಆ ಸಿಹಿ ಷರಾ ನೋಡಿ ಪ್ರಕಟಿಸಿಬಿಟ್ಟಿದ್ದರೆ ಆ ಐದು ತಪ್ಪುಗಳನ್ನು ಮುಂದೆ ನಮಗೆ ಆಗದವರು ಯಾರೋ ಹುಡುಕಿ ಮೆರವಣಿಗೆ ಮಾಡ್ತಿದ್ದರು. ಹಾಗೆ ನೋಡಿದರೆ ಆ ಲೇಖಕರ ಮೇಲೆ ನಿಜವಾದ ಕಾಳಜಿ ಇದ್ದಿದ್ದು ಬೈದವರಿಗೇ.

ಆದರೂ ಹಂಗೇ ಕಳಿಸೋಕಾಗಲ್ಲ. ನಾನೇ ಕೂತು ಮಾತು ಬದಲಿಸೋದೂ ಸರಿಯಲ್ಲ, ಯಾಕಂದ್ರೆ ಷರಾ ಅವರದು. ಪರಿಶೀಲಕರ ಅಭಿಪ್ರಾಯವನ್ನು ಅವರಿಗೆ ತಿಳಿಸದೆ ಸಂಪಾದಕರು ತಿದ್ದಬಾರದು, ಬದಲಿಸಿ ಕೊಡಿ ಅಂತ ಅವರನ್ನೇ ಕೇಳಬೇಕು. ಫೋನ್ ಮಾಡಿದೆ. "ಬಾ ತಮ್ಮಾ, ಕೂತು ನೋಡೋಣು" ಅಂದರು. ಭಾನುವಾರ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಹುಮನಾಬಾದ್ ಕಡೆ ಹೋಗುವ ಬಸ್ ಹತ್ತಿದೆ. ಮಹಾಗಾಂವ ಕ್ರಾಸ್ ದಾಟಿ ಕಮಲಾಪುರಕ್ಕೆ ಇಳಿದಾಗ ರಸ್ತೆ ಪಕ್ಕ ಕೆಂಪು ಬಾಳೆಹಣ್ಣು ತೂಗುಹಾಕಿದ್ದರು. ಒಂದು ಡಜನ್ ಹಿಡ್ಕೊಂಡೇ ಸರ್ ಮನೆಗೆ ಹೋದೆ.

ಇಲ್ಲೊಂದು ಮಾತು. ಪ್ರಬಂಧ ಯಾವ ಊರಿನದು, ಯಾವ ಬೆಳೆಯದು ಅಂತ ಹೇಳಿದರೆ ಲೇಖಕರು ಯಾರಂತ ಗೊತ್ತಾಗ್ತದೆ. ಅದಕ್ಕೆ ಈ ಬರಹದ ಮಟ್ಟಿಗೆ ಅದು ಬಾಳೆ ತೋಟದಲ್ಲಿ ದುಡಿಯುವ ದಲಿತ ಹೆಣ್ಮಕ್ಕಳ ಕೂಲಿ ಬಗ್ಗೆ ಅಂತಿಟ್ಟುಕೊಳ್ರಿ. ಬೆಳೆ, ತಾಲೂಕು, ಸಂಖ್ಯೆ ಎಲ್ಲ ಬದಲಿಸಿದ್ದೀನಿ, ತಪ್ಪಿನ ಸ್ವರೂಪ ಮಾತ್ರ ಇದ್ದದ್ದೇ. ಸರ್ ಮತ್ತು ಲೇಖಕರು ಇಬ್ಬರೂ ಒಪ್ಪಿದ ಮೇಲೆ ಬರೀತಿದ್ದೀನಿ.

ಸರ್ ಮೊದಲೇ ಹೇಳಿಬಿಟ್ಟರು. "ನಮ್ಮ ಹುಡುಗ ಅಂತ ರಿಯಾಯಿತಿ ಕೊಡು ಅನ್ನಾಕ ಬಂದಿದ್ರ ಚಹಾ ಕುಡುದು ಹೊಂಟುಬಿಡು. ನನಗ ಯಾರೂ ರಿಯಾಯಿತಿ ಕೊಟ್ಟಿಲ್ಲ. ಬಡದು ಬಡದೇ ಕಲಿಸ್ಯಾರ. ಇವತ್ತು ನಾವು ಹೊಡೀಲಿಲ್ಲಂದ್ರ ನಾಳೆ ಹೊರಗಿನವರು ಹೊಡೀತಾರ."

ಅವರ ಮಾತಿನಲ್ಲಿ ಅರ್ಧ ಸತ್ಯ ಇತ್ತು. ನಮ್ಮವರ ಬರಹ ಅಂತ ಅಳತೆಗೋಲು ಕಿರಿದು ಮಾಡೋದು ಅವಮಾನವೇ. ನಾನು ಅಂದೆ, "ಸರ್, ಒಂದೂ ತಪ್ಪು ಬಿಡೋದು ಬ್ಯಾಡ. ನೀವು ಬರದ ಒಂದೊಂದು ಸಾಲಿಗೂ ಒಂದೇ ಪ್ರಶ್ನೆ ಕೇಳ್ತೀನಿ. ಇದನ್ನ ಓದಿದ ಲೇಖಕರು ನಾಳೆ ಮುಂಜಾನೆ ಎದ್ದು ಏನು ಮಾಡಬೇಕು?"

ಮೊದಲ ಸಾಲು ತಗೊಂಡ್ವಿ. ಸಂಶೋಧನೆ ಅಂದರೇನು ಅಂತ ಕಲಿತುಕೊಂಡು ಬರಲಿ. ನಾಳೆ ಮುಂಜಾನೆ ಏನು ಮಾಡಬೇಕು? ಸರ್ ಸ್ವಲ್ಪ ಹೊತ್ತು ಯೋಚಿಸಿ, "ಅದರಾಗ ಏನೂ ಇಲ್ಲ ಬಿಡು" ಅಂದರು. ಹೊಡೆದು ಹಾಕಿದರು. ಕೊನೆಯ ಸಾಲಿಗೂ ಅದೇ ಗತಿ. ಆ ಎರಡು ಸಾಲು ತೆಗೆದದ್ದಕ್ಕೆ ಷರಾದ ಪ್ರಾಮಾಣಿಕತೆ ಒಂದು ಗುಂಜಿಯಷ್ಟೂ ಕಡಿಮೆ ಆಗಲಿಲ್ಲ.

ಆಮೇಲೆ ಬಂತು ನಿಜವಾದ ಕೆಲಸ. ಸರ್ ಬರೆದಿದ್ದರು: "ನಲವತ್ತು ಜನರನ್ನು ಮಾತಾಡಿಸಿ ಇಡೀ ತಾಲೂಕಿನ ಶೇಕಡಾವಾರು ಹೇಳುವ ಧೈರ್ಯ ಮೆಚ್ಚಬೇಕು! ಸ್ಯಾಂಪಲ್ ಅಂದರೆ ಗೊತ್ತಿಲ್ಲ." ಪ್ರಬಂಧದಲ್ಲಿ ಇದ್ದದ್ದು ಹೀಗೆ. 40 ದಲಿತ ಹೆಣ್ಮಕ್ಕಳನ್ನು ಮಾತಾಡಿಸಿದ್ದಾರೆ. ಅವರಲ್ಲಿ 34 ಜನ ನಮಗೆ ಬೇರೆಯವರಿಗಿಂತ ಕಮ್ಮಿ ಕೂಲಿ ಕೊಡ್ತಾರೆ ಅಂದಿದ್ದಾರೆ. ಲೇಖಕರು ಅದನ್ನು "ತಾಲೂಕಿನ ಶೇ. 85ರಷ್ಟು ದಲಿತ ಮಹಿಳೆಯರು ಕಡಿಮೆ ಕೂಲಿ ಪಡೆಯುತ್ತಿದ್ದಾರೆ" ಅಂತ ತಲೆಬರಹದಲ್ಲೇ ಹಾಕಿದ್ದಾರೆ.

"ಇದರಾಗ ತಪ್ಪೇನು ಅಂತ ಲೇಖಕರಿಗೆ ತಿಳಿಯೋ ಹಂಗ ಹೇಳ್ರಿ ಸರ್" ಅಂದೆ. ಆಗ ಅವರು ಪಾಠಕ್ಕೆ ಇಳಿದರು, ನಾನು ಬರೀತಾ ಹೋದೆ. ಈ 40 ಜನ ಸಿಕ್ಕಿದ್ದು ಹೇಗೆ? ಒಬ್ಬಾಕೆ ಇನ್ನೊಬ್ಬಾಕೆಯನ್ನು ತೋರಿಸಿದ್ದಾಳೆ, ಆಕೆ ಮತ್ತೊಬ್ಬಾಕೆಯನ್ನು. ಕೂಲಿ ಹೆಣ್ಮಕ್ಕಳು ಒಬ್ಬೊಬ್ಬರೇ ಕೆಲಸಕ್ಕೆ ಹೋಗಲ್ಲ, ಗುಂಪಾಗಿ ಹೋಗ್ತಾರೆ. ಒಂದು ಗುಂಪಿಗೆ ಒಂದೇ ಕೂಲಿ ಮಾತಾಗಿರ್ತದೆ. ಅಂದಮೇಲೆ ಒಂದೇ ಗುಂಪಿನ 13 ಜನರನ್ನು ಕೇಳಿದರೂ ಕೂಲಿಯ ವಿಷಯದಲ್ಲಿ ಸಿಗೋದು ಹೆಚ್ಚುಕಮ್ಮಿ ಒಂದೇ ಉತ್ತರ. ಪ್ರಬಂಧದ ಅನುಬಂಧ ತಿರುವಿ ನೋಡಿದರೆ 40 ಜನ ಒಟ್ಟು ಮೂರೇ ಗುಂಪಿನವರು. ಅಂದರೆ ಲೇಖಕರ ಕೈಯಲ್ಲಿರೋದು 40 ಸಾಕ್ಷಿ ಅಲ್ಲ, ಕೂಲಿ ದರದ ಮಟ್ಟಿಗೆ ಮೂರೇ ಮೂರು.

ಇದನ್ನು ಕೇಳಿ ನನಗೆ ಅನಿಸಿದ್ದು ಇಷ್ಟೆ. ಸರ್ ತಲೆಯಲ್ಲಿ ಇಷ್ಟೆಲ್ಲ ಇತ್ತು. ಕಾಗದದ ಮೇಲೆ ಬಂದದ್ದು "ಗೊತ್ತಿಲ್ಲ" ಅನ್ನೋದು ಮಾತ್ರ. ಬೈಗುಳ ಬರೆದಾಗ ಬರೆದವನಿಗೆ ತಾನು ಎಲ್ಲ ಹೇಳಿಬಿಟ್ಟೆ ಅನಿಸ್ತದೆ, ಓದುವವನ ಕೈಗೆ ಏನೂ ಸಿಕ್ಕಿರಲ್ಲ. ಮೆತ್ತಗೆ ಹೇಳೋಕೆ ಕೂತಾಗ ಮಾತ್ರ ಕಾರಣ ಕೊಡಬೇಕಾಗ್ತದೆ. ಕಡೆಗೆ ಬರೆದ ಷರಾ ಹೀಗಾಯ್ತು:

"ಅನುಬಂಧದ ಪ್ರಕಾರ 40 ಮಹಿಳೆಯರು ಮೂರು ಗುಂಪುಗಳಿಗೆ ಸೇರಿದವರು. ಒಂದು ಗುಂಪಿಗೆ ಒಂದೇ ದರ ಇರುವುದರಿಂದ ಈ ಮಾಹಿತಿಯಿಂದ ತಾಲೂಕಿನ ಶೇಕಡಾವಾರು ಹೇಳಲು ಬರುವುದಿಲ್ಲ. ತಲೆಬರಹದಿಂದಲೂ ತೀರ್ಮಾನದಿಂದಲೂ ಶೇ. 85 ತೆಗೆಯಬೇಕು. 'ನಾವು ಮಾತಾಡಿಸಿದ 40 ಜನರಲ್ಲಿ 34 ಜನ ಹೀಗೆ ಹೇಳಿದರು' ಎಂದು ಬರೆಯಬಹುದು. ಗುಂಪು ಮೂರೇ ಎಂಬುದನ್ನು ಅಲ್ಲೇ ಹೇಳಬೇಕು."

ನೋಡ್ರಿ, ಇದು ಮೊದಲಿನದಕ್ಕಿಂತ ಮೆತ್ತಗಿದೆಯಾ? ನನ್ನ ಪ್ರಕಾರ ಇದು ಇನ್ನೂ ಬಿಗಿ. ಮೊದಲಿನದಕ್ಕೆ ಲೇಖಕರು "ಇವರಿಗೆ ನಮ್ಮ ಮೇಲೆ ಹೊಟ್ಟೆಕಿಚ್ಚು" ಅಂತ ಅಂದು ಪಾರಾಗಬಹುದಿತ್ತು. ಇದಕ್ಕೆ ಹಾಗನ್ನೋಕೆ ಆಗಲ್ಲ.

ಇನ್ನೊಂದು ದೊಡ್ಡ ತಪ್ಪು ಹೋಲಿಕೆಯದು. ಕಮ್ಮಿ ಕೂಲಿ ಅಂತ ಹೇಳಬೇಕಾದರೆ ಯಾರಿಗಿಂತ ಕಮ್ಮಿ ಅಂತ ಬೇಕಲ್ಲ? ಬೇರೆ ಜಾತಿಯ ಒಬ್ಬ ಹೆಣ್ಮಗಳನ್ನೂ ಪ್ರಬಂಧದಲ್ಲಿ ಮಾತಾಡಿಸಿಲ್ಲ. ಹೋಲಿಸಿದ್ದು ಗೊನೆ ಹೊರುವ ಗಂಡಸರ ಕೂಲಿ ಜೊತೆ. ಕಳೆ ತೆಗೆಯೋದಕ್ಕೂ ಗೊನೆ ಹೊರೋದಕ್ಕೂ ದರ ಬೇರೆ ಇದ್ದರೆ ಅದು ಜಾತಿಯಿಂದಲೋ, ಹೆಣ್ಣು ಅಂತಲೋ, ಕೆಲಸ ಬೇರೆ ಅಂತಲೋ ಹೇಗೆ ಹೇಳೋದು? ಸರ್ ಬರೆದಿದ್ದು: "ಲೇಖಕ ಕಾರ್ಯಕರ್ತನೋ ಸಂಶೋಧಕನೋ ಮೊದಲು ತೀರ್ಮಾನಿಸಲಿ." ಈ ಮಾತು ನಮ್ಮಲ್ಲಿ ಎಷ್ಟು ಜನ ಕೇಳಿಸ್ಕೊಂಡಿಲ್ಲ ಹೇಳ್ರಿ? ನಾನದನ್ನು ಸರ್ ಮುಂದೆ ಓದಿದೆ. "ಇದು ನಿಮಗ ಯಾರಾರ ಅಂದಿದ್ರೇನ್ರಿ ಸರ್?" ಅಂತ ಕೇಳಿದೆ. ಅವರು ಬಾಳೆಹಣ್ಣಿನ ಸಿಪ್ಪೆ ಸುಲೀತಾ ಸುಮ್ಮನೆ ಕೂತರು. ಆಮೇಲೆ, "ಇದೇ ಮಾತು. ಶಬ್ದಾ ಸೈತ ಬದಲಾಗಿಲ್ಲ" ಅಂದರು.

ಬದಲಿಗೆ ಬರೆದದ್ದು: "ಜಾತಿಯ ಕಾರಣದಿಂದ ಕೂಲಿ ಕಡಿಮೆ ಎಂದು ತೋರಿಸಲು ಒಂದೇ ತೋಟದಲ್ಲಿ, ಒಂದೇ ಹಂಗಾಮಿನಲ್ಲಿ, ಒಂದೇ ಕೆಲಸ ಮಾಡುವ ಬೇರೆ ಜಾತಿಯ ಮಹಿಳೆಯರ ಕೂಲಿ ತಿಳಿಯಬೇಕು. ಹತ್ತು ಹನ್ನೆರಡು ಜನರನ್ನು ಮಾತಾಡಿಸಿದರೂ ವಾದಕ್ಕೆ ಒಂದು ನೆಲೆ ಸಿಗುತ್ತದೆ. ಅದು ಸಾಧ್ಯವಿಲ್ಲದಿದ್ದರೆ ಜಾತಿಯೇ ಕಾರಣ ಎಂಬ ತೀರ್ಮಾನ ಕೈಬಿಡಬೇಕು." ಎರಡು ದಾರಿ ಕೊಟ್ಟಿದ್ದು ಯಾಕಂದ್ರೆ, ಸ್ಕಾಲರ್‌ಶಿಪ್ ಮುಗಿದ ಹುಡುಗನಿಗೆ ಮತ್ತೆ ಹಳ್ಳಿಗೆ ಹೋಗಿ ಇರೋಕೆ ಬಸ್ ಚಾರ್ಜ್ ಇರುತ್ತೋ ಇಲ್ಲವೋ. ಮಾಡಲಾಗದ ಕೆಲಸವನ್ನೇ ಹೇಳಿ ಕೂತರೆ ಅದು ಬಾಗಿಲು ಹಾಕಿದಂಗೆ.

ಇಲ್ಲಿ ಕನ್ನಡದ ಒಂದು ಸೂಕ್ಷ್ಮ ಅದ. ಸರ್ ಎರಡು ಪುಟ ಪೂರ್ತಿ "ಈತ", "ಇವನಿಗೆ" ಅಂತ ಬರೆದಿದ್ದರು. ಹೆಸರೇ ಗೊತ್ತಿಲ್ಲದ ಲೇಖಕರು ಗಂಡಸು ಅಂತ ಹೇಗೆ ಗೊತ್ತಾಯ್ತು, ಏಕವಚನಕ್ಕೆ ಇಳಿದದ್ದು ಹೇಗೆ? ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಏಕವಚನದ ತೊಂದರೆ ಇಲ್ಲ, ನಮಗಿದೆ. ಏಕವಚನ ಅಂದರೇನು ಅಂತ ನಮ್ಮ ಕೇರಿಯ ಮುದುಕರನ್ನು ಕೇಳಬೇಕು, ಹಾಲುಗಲ್ಲದ ಹುಡುಗರ ಬಾಯಿಂದ ಬಾರೋ ಹೋಗೋ ಅನ್ನಿಸಿಕೊಂಡವರು. ನಾವು ಸುಲಭದ ದಾರಿ ಹಿಡಿದ್ವಿ. ವಾಕ್ಯದ ಕರ್ತೃವನ್ನೇ ಬದಲಿಸಿದ್ವಿ. "ಈತನಿಗೆ ಗೊತ್ತಿಲ್ಲ" ಹೋಗಿ "ಪ್ರಬಂಧದಲ್ಲಿ ಹೇಳಿಲ್ಲ" ಬಂತು. ಆಶ್ಚರ್ಯಸೂಚಕ ಚಿಹ್ನೆಗಳನ್ನೆಲ್ಲ ತೆಗೆದ್ವಿ, ಅವು ಬರೋದೇ ಹಂಗಿಸೋಕೆ. ಹಂಗಂತ ಪ್ರತಿ ಸಾಲಿಗೆ "ದಯವಿಟ್ಟು", "ಬಹುಶಃ", "ಅನಿಸುತ್ತದೆ" ಅಂಟಿಸಲಿಲ್ಲ. ಅದು ಇನ್ನೊಂದು ಮೋಸ. ಮಾಡಲೇಬೇಕಾದ್ದನ್ನು "ಮಾಡಿದರೆ ಒಳ್ಳೆಯದೇನೋ" ಅಂದರೆ ಲೇಖಕರು ಬಿಟ್ಟುಬಿಡ್ತಾರೆ, ಆಮೇಲೆ ಅದೇ ಕಾರಣಕ್ಕೆ ನಾವು ತಿರಸ್ಕರಿಸ್ತೀವಿ. ಅದಕ್ಕೆ ಷರಾವನ್ನು ಎರಡು ಭಾಗ ಮಾಡಿದ್ವಿ: ಮಾಡಲೇಬೇಕಾದ್ದು, ಇಷ್ಟವಿದ್ದರೆ ಮಾಡುವಂಥದ್ದು.

ನಕಲಿನ ವಿಷಯ ಬಂದಾಗ ಮೆತ್ತಗೆ ಹೇಳುವ ಪ್ರಶ್ನೆಯೇ ಇರಲಿಲ್ಲ. ಊರಿನ ಇತಿಹಾಸ ಹೇಳುವ ಎರಡು ಪ್ಯಾರಾ ಒಂದು ಪುಸ್ತಕದಿಂದ ಹಂಗೇ ಎತ್ತಿದ್ದು. ಸರ್ "ಕಳ್ಳತನ" ಅಂತ ಬರೆದಿದ್ದರು. ಬೇಕಂತಲೇ ಮಾಡಿದ್ದೋ, ಟಿಪ್ಪಣಿ ಮಾಡಿಕೊಂಡಿದ್ದು ಮರೆತು ಸೇರಿದ್ದೋ ನಮಗೆ ಕಾಣಲ್ಲ. ಕಾಣೋದು ಎರಡು ಪುಟ ಅಷ್ಟೆ. ಅದನ್ನೇ ಬರೆದ್ವಿ: ಈ ಪುಟದ ಈ ಪ್ಯಾರಾ, ಆ ಪುಸ್ತಕದ ಆ ಪುಟದ ಮಾತುಗಳೇ ಆಗಿವೆ, ಮೂಲದ ಹೆಸರಿಲ್ಲ, ಸರಿಪಡಿಸದೆ ಪ್ರಕಟಣೆಗೆ ಶಿಫಾರಸು ಮಾಡುವುದಿಲ್ಲ. ಉಳಿದ ಪುಟಗಳನ್ನೂ ಲೇಖಕರು ತಾವೇ ಒಮ್ಮೆ ನೋಡಿಕೊಳ್ಳಬೇಕು.

ನಾನು ಸರ್ ಜೊತೆ ನಿಜವಾಗಿ ಜಗಳ ಆಡಿದ್ದು ಭಾಷೆ ಬಗ್ಗೆ. ಪ್ರಬಂಧದಲ್ಲಿ ಹೆಣ್ಮಕ್ಕಳ ಮಾತು ಕಲಬುರಗಿ ಕನ್ನಡದಲ್ಲೇ ಇತ್ತು. ಸರ್ "ಗ್ರಾಮ್ಯ, ಅಶುದ್ಧ" ಅಂತ ಗೆರೆ ಎಳೆದಿದ್ದರು. "ಸರ್, ಮುಂಜಾನಿಯಿಂದ ನೀವು ನನ ಜೊತಿ ಯಾವ ಭಾಷಾದಾಗ ಮಾತಾಡಾಕತ್ತೀರಿ?" ಅಂದೆ. ಒಳಗಿಂದ ಅವರ ಮನೆಯವರು ನಕ್ಕಿದ್ದು ಕೇಳಿಸ್ತು. ಸರ್‌ಗೂ ಒಂದು ಪಾಯಿಂಟ್ ಇತ್ತು ಅನ್ನಿ. ಎಲ್ಲಿ ಹೆಣ್ಮಕ್ಕಳ ಮಾತು ಮುಗೀತು, ಎಲ್ಲಿ ಲೇಖಕರ ಮಾತು ಶುರುವಾಯ್ತು ಅಂತ ಗೊತ್ತಾಗ್ತಿರಲಿಲ್ಲ. ಅದನ್ನೇ ಷರಾ ಮಾಡಿದ್ವಿ: ಮಾತುಗಳನ್ನು ಇದ್ದಂತೆಯೇ ಇಡಿ, ಉದ್ಧರಣ ಚಿಹ್ನೆ ಹಾಕಿ, ಯಾವ ಗುಂಪಿನವರು, ಯಾವ ತಿಂಗಳು ಹೇಳಿದ್ದು ಅಂತ ಸೇರಿಸಿ.

ಇದೆಲ್ಲ ಮುಗಿಸುವಾಗ ಸರ್ ಕಪಾಟಿನಲ್ಲಿದ್ದ ಬಾಬಾಸಾಹೇಬರ ಬರಹದ ಸಂಪುಟಗಳ ಕಡೆ ಕಣ್ಣು ಹೋಯ್ತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಬಾಬಾಸಾಹೇಬರು ಕೊಟ್ಟ ರೂಪಾಯಿ ಸಮಸ್ಯೆಯ ಪ್ರಬಂಧ 1923ರಲ್ಲಿ ಪುಸ್ತಕವಾಗಿ ಬಂತು. ಅದಕ್ಕೆ ಮುನ್ನುಡಿ ಬರೆದವರು ಅಲ್ಲಿನ ಪ್ರೊಫೆಸರ್ ಎಡ್ವಿನ್ ಕ್ಯಾನನ್. ಬಾಬಾಸಾಹೇಬರ ಟೀಕೆಗಳಲ್ಲಿ ಬಹಳಷ್ಟನ್ನು ತಾನು ಒಪ್ಪಲ್ಲ ಅಂತ ಅವರು ಆ ಮುನ್ನುಡಿಯಲ್ಲೇ ನೇರವಾಗಿ ಹೇಳ್ತಾರೆ. ಹೇಳಿ, ತಪ್ಪು ಅನಿಸಿದ ಕಡೆಯೂ ಈ ಯೋಚನೆಯಲ್ಲಿ ಹೊಸತನ ಇದೆ ಅಂತಲೂ ಬರೀತಾರೆ. ಒಪ್ಪದಿರುವುದನ್ನು ಮುಚ್ಚಿಡಲಿಲ್ಲ, ಬರೆದವರನ್ನು ಸಣ್ಣವರನ್ನಾಗಿಯೂ ಮಾಡಲಿಲ್ಲ. ಬಡಿದರೇ ಕಲೀತಾರೆ ಅನ್ನೋ ಸರ್ ವಾದಕ್ಕೆ ನಾನು ಕೊಟ್ಟ ಉತ್ತರ ಅದೊಂದೇ. ಇನ್ನೊಂದನ್ನೂ ಹೇಳಿದೆ. 2019ರಲ್ಲಿ ಸಿಲ್ಬಿಗರ್ ಮತ್ತು ಸ್ಟಬ್ಲರ್ ಎಂಬ ಇಬ್ಬರು 46 ದೇಶಗಳ 1,106 ವಿಜ್ಞಾನಿಗಳನ್ನು ಇದರ ಬಗ್ಗೆ ಕೇಳಿ ಪ್ರಕಟಿಸಿದ್ದಾರೆ. ಅರ್ಧಕ್ಕಿಂತ ಹೆಚ್ಚು ಜನ ವೈಯಕ್ತಿಕವಾಗಿ ಹೀಯಾಳಿಸುವ ಅಥವಾ ಕೆಲಸಕ್ಕೆ ಬಾರದ ಷರಾ ಪಡೆದವರೇ. ಅದರಿಂದ ನನ್ನ ಕೈಲಾಗಲ್ಲ ಅಂತ ಕುಗ್ಗಿದವರಲ್ಲಿ ಬಿಳಿಯ ಗಂಡಸರು ಕಮ್ಮಿ, ಹೆಂಗಸರು ಮತ್ತು ಬಿಳಿಯರಲ್ಲದವರು ಹೆಚ್ಚು. ಏಟು ಒಂದೇ, ಬೀಳುವ ಮೈ ಬೇರೆ.

ನಮ್ಮ ಫಾರ್ಮಿನಲ್ಲಿ ಇನ್ನೊಂದು ಕಾಲಂ ಅದ, ಸಂಪಾದಕರಿಗೆ ಮಾತ್ರ ಅಂತ. ಸರ್ ಅಲ್ಲಿ "ತಿರಸ್ಕರಿಸಿ" ಅಂತ ಬರೆದಿದ್ದರು. ಲೇಖಕರಿಗೆ ತಿದ್ದಿ ತನ್ನಿ ಅಂತ ಹೇಳಿ, ನಮಗೆ ಗುಟ್ಟಿನಲ್ಲಿ ಬೇಡ ಅಂದರೆ ಇಡೀ ದಿನದ ಕೆಲಸ ನಾಟಕ ಆಗಿಬಿಡ್ತದೆ. ಸರ್ ಯೋಚಿಸಿ ಬದಲಿಸಿದರು: ದೊಡ್ಡ ತಿದ್ದುಪಡಿ ಬೇಕು, ತಿದ್ದಿದ ಮೇಲೆ ನಾನೇ ಮತ್ತೆ ನೋಡುತ್ತೇನೆ. ಅದೇ ಮಾತನ್ನು ಲೇಖಕರ ಷರಾದಲ್ಲೂ ಹಾಕಿದರು.

ಹೊರಡುವ ಮುಂಚೆ ಕೇಳಿದೆ, "ಸರ್, ಪ್ರಬಂಧದಾಗ ನಿಮಗ ಚಲೋ ಅನಿಸಿದ್ದು ಒಂದೂ ಇಲ್ಲೇನು? ಸುಮ್ನ ಹೊಗಳೋದು ಬ್ಯಾಡ, ಖರೇ ಇದ್ರ ಹೇಳ್ರಿ." ಸರ್ ಪುಟ ತಿರುವಿ ಹನ್ನೊಂದನೇ ಪುಟಕ್ಕೆ ಬಂದರು. ಅಲ್ಲಿ ಮೂರು ಗುಂಪಿನ ಹೆಣ್ಮಕ್ಕಳೂ ಬೇರೆಬೇರೆಯಾಗಿ ಒಂದೇ ಮಾತು ಹೇಳಿದ್ದರು. ಕಳೆ ತೆಗೆಯೋಕೆ, ಗೊಬ್ಬರ ಹಾಕೋಕೆ ಕರೀತಾರೆ, ಹಣ್ಣು ಮುಟ್ಟುವ ಕೆಲಸಕ್ಕೆ ಕರೆಯಲ್ಲ. ಹಣ್ಣು ತೊಳೆಯೋದು, ಬುಟ್ಟಿಗೆ ತುಂಬೋದು ಬೇರೆಯವರದು. ಲೇಖಕರು ಅದಕ್ಕೆ ಕೊಟ್ಟದ್ದು ನಾಲ್ಕೇ ಸಾಲು. "ಅಲ್ಲೋ ತಮ್ಮಾ, ಪ್ರಬಂಧ ಇಲ್ಲೇ ಅದ! ಇದಕ್ಕ ಶೇಕಡಾ ಬೇಕಾಗಂಗಿಲ್ಲ. ಮೂರು ಗುಂಪು ಸಾಕು, ಯಾವ ಕೆಲಸಕ್ಕ ಯಾರನ್ನ ಕರೀತಾರ ಅಂತ ಒಂದು ವರ್ಷದ ಪಟ್ಟಿ ಮಾಡಿದ್ರ ಆತು" ಅಂದರು. ಎರಡು ಪುಟ ಬೈದ ಮನುಷ್ಯ ಅದನ್ನು ಆಗಲೇ ನೋಡಿದ್ದರು, ಬರೆದಿರಲಿಲ್ಲ ಅಷ್ಟೆ. ಆ ಮಾತೇ ಹೊಸ ಷರಾದ ಮೊದಲ ಪ್ಯಾರಾ ಆಯ್ತು.

ಮೂರು ತಿಂಗಳ ಮೇಲೆ ತಿದ್ದಿದ ಪ್ರಬಂಧ ಬಂತು, ಜೊತೆಗೆ ಪ್ರತಿ ಷರಾಕ್ಕೂ ಉತ್ತರ. ಲೇಖಕರು ಬೇರೆ ಜಾತಿಯ 12 ಹೆಣ್ಮಕ್ಕಳನ್ನು ಹುಡುಕಿ ಮಾತಾಡಿಸಿದ್ದರು. ಕಳೆ ತೆಗೆಯುವ ಕೂಲಿ ಇಬ್ಬರಿಗೂ ಒಂದೇ ಇತ್ತು. ಅದನ್ನು ಮುಚ್ಚಿಡದೆ ಬರೆದಿದ್ದರು. ಶೇ. 85 ಹೋಗಿತ್ತು, ತಲೆಬರಹ ಬದಲಾಗಿತ್ತು. ಹನ್ನೊಂದನೇ ಪುಟದ ನಾಲ್ಕು ಸಾಲು ಏಳು ಪುಟ ಆಗಿತ್ತು, ತಿಂಗಳವಾರು ಕೆಲಸದ ಪಟ್ಟಿಯ ಜೊತೆ. ಹಣ್ಣಿನ ಕೆಲಸ ಬರುವ ತಿಂಗಳುಗಳಲ್ಲಿ ನಮ್ಮ ಹೆಣ್ಮಕ್ಕಳಿಗೆ ಕೆಲಸದ ದಿನಗಳೇ ಕಡಿಮೆ ಅನ್ನೋದು ಆ ಪಟ್ಟಿಯಲ್ಲಿ ಕಾಣ್ತಿತ್ತು. ಕೂಲಿ ದರದಲ್ಲಿ ಇಲ್ಲದ ಜಾತಿ, ಕೂಲಿ ಸಿಗುವ ದಿನಗಳಲ್ಲಿ ಇತ್ತು.

ಕೂಲಿ ತಾರತಮ್ಯ ಇಲ್ಲ ಅಂತ ನಮ್ಮವರೇ ಬರೆದರೆ ಹೆಂಗೆ ಅಂತ ನಮ್ಮ ಮೀಟಿಂಗಿನಲ್ಲಿ ಇಬ್ಬರು ಸಿಟ್ಟಾದರು. ಸರ್ ಆ ಪಟ್ಟಿಯ ಮೇಲೆ ಮತ್ತೆ ಎರಡು ಷರಾ ಬರೆದು ಕಳಿಸಿದ್ದಾರೆ: ಹಬ್ಬದ ರಜೆಗಳನ್ನು ಎಣಿಸಿದ್ದು ಹೇಗೆ ಅಂತ ಒಂದು, ಮಳೆ ಬಂದು ಕೆಲಸ ನಿಂತ ದಿನಗಳನ್ನು ಬೇರೆ ತೋರಿಸಬೇಕು ಅಂತ ಇನ್ನೊಂದು. ಎರಡರಲ್ಲೂ ಬಹುವಚನ ಇತ್ತು.